ಅಂಟಿನ ಕಲೆಯಷ್ಟೇ ಉಳಿದ ಪುಟ

ಹಳೆಯ ನೀರಾವರಿ ವರದಿಯೊಂದನ್ನು ಮರುಮುದ್ರಣಕ್ಕೆ ಸಿದ್ಧಪಡಿಸುವ ಕೆಲಸ ಕೈಗೆ ಬಂದಿತ್ತು. ಬೆರಳಚ್ಚಿನ ಪುಟಗಳೆಲ್ಲ ಗಟ್ಟಿಯಾಗಿದ್ದವು. ನಡುವೆ ಒಂದು ಪುಟ ಮಾತ್ರ ಖಾಲಿ. ಅದರಲ್ಲಿ ಒಂದು ಚೌಕಟ್ಟಿನ ಗೆರೆ, ನಾಲ್ಕು ಮೂಲೆಗಳಲ್ಲಿ ಒಣಗಿ ಕಂದಾದ ಅಂಟಿನ ಕಲೆ, ಕೆಳಗೆ ಎರಡು ಸಾಲಿನ ಬರಹ. ಅಲ್ಲಿ ಅಂಟಿಸಿದ್ದ ಉಪಗ್ರಹ ಚಿತ್ರ ಎಂದೋ ಕಳಚಿಬಿದ್ದು ಹೋಗಿತ್ತು. ಬರೆದವರ ಬಳಿ ಇನ್ನೊಂದು ಪ್ರತಿ ಇರಲಿಲ್ಲ. ಆದರೆ ಮುಂದಿನ ಪುಟಗಳು ಮತ್ತೆ ಮತ್ತೆ ‘ಚಿತ್ರದಲ್ಲಿ ಕಾಣುವಂತೆ’ ಎಂದು ಅದೇ ಖಾಲಿ ಪುಟದತ್ತ ಬೆರಳು ತೋರಿಸುತ್ತಿದ್ದವು. ಚಿತ್ರದ ಜಾಗದಲ್ಲಿ ಮಾತಿನ ವಿವರಣೆಯನ್ನಾದರೂ ಕೊಡದೆ ಆ ಅಧ್ಯಾಯ ನಿಲ್ಲುವಂತಿರಲಿಲ್ಲ.

ಉಳಿದಿದ್ದ ಎರಡು ಸಾಲಿನಲ್ಲಿ ಇದ್ದದ್ದಿಷ್ಟು: ಕನ್ನಂಬಾಡಿಯಿಂದ ಮಂಡ್ಯದವರೆಗಿನ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟು, ಐಆರ್‌ಎಸ್-1ಸಿ ಉಪಗ್ರಹದ ಲಿಸ್-3 ಕ್ಯಾಮೆರಾ, ಫೆಬ್ರವರಿ 1999, ಹುಸಿಬಣ್ಣದ ಚಿತ್ರ, ಅಳತೆ 1:2,50,000. ಮೊದಲ ಓದಿಗೆ ಇದು ಏನೂ ಅಲ್ಲವೆನಿಸಿತು. ಒಂದೊಂದೇ ಪದ ಹಿಡಿದು ಕೂತಾಗ ಚಿತ್ರದ ಮುಕ್ಕಾಲು ಭಾಗ ಅಲ್ಲಿಯೇ ಅಡಗಿದೆ ಎಂದು ತಿಳಿಯಿತು. ಉಳಿದ ಕಾಲು ಭಾಗ ಎಲ್ಲಿಯೂ ಸಿಗುವುದಿಲ್ಲ ಎನ್ನುವುದೂ ತಿಳಿಯಿತು. ಈ ಎರಡರ ನಡುವಿನ ಗೆರೆಯನ್ನು ಸರಿಯಾಗಿ ಎಳೆಯುವುದೇ ಕೆಲಸ.

ಸ್ಕೇಲು ತೆಗೆದುಕೊಂಡು ಚೌಕಟ್ಟನ್ನು ಅಳೆದೆ. ಅಗಲ 24 ಸೆಂಟಿಮೀಟರ್, ಎತ್ತರ 18. ಅಳತೆ ಎರಡೂವರೆ ಲಕ್ಷಕ್ಕೆ ಒಂದು ಎಂದರೆ ಕಾಗದದ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ ಎರಡೂವರೆ ಕಿಲೋಮೀಟರ್. ಹಾಗಾಗಿ ಆ ಚಿತ್ರ ಪೂರ್ವ–ಪಶ್ಚಿಮವಾಗಿ 60 ಕಿ.ಮೀ., ಉತ್ತರ–ದಕ್ಷಿಣವಾಗಿ 45 ಕಿ.ಮೀ. ನೆಲವನ್ನು ಹಿಡಿದಿತ್ತು. ಕೃಷ್ಣರಾಜಸಾಗರದ ಅಣೆಕಟ್ಟೆಯಿಂದ ಮಂಡ್ಯ ಪಟ್ಟಣ ನೇರ ಪೂರ್ವಕ್ಕೆ ಲೆಕ್ಕ ಹಾಕಿದರೆ ಸುಮಾರು 36 ಕಿ.ಮೀ. ದೂರ. ಎರಡೂ ಚಿತ್ರದಲ್ಲಿವೆ ಎಂದಮೇಲೆ ಉಳಿದ 24 ಕಿ.ಮೀ. ಅಣೆಕಟ್ಟೆಯ ಪಶ್ಚಿಮಕ್ಕೋ ಮಂಡ್ಯದ ಪೂರ್ವಕ್ಕೋ ಹೋಗಿರಬೇಕು. ವರದಿಯ ಮುಂದಿನ ಪುಟದಲ್ಲಿ ‘ಹಿನ್ನೀರಿನ ಬಾಲದ ಕಡೆ ಬಣ್ಣ ತಿಳಿಯಾಗಿರುವುದನ್ನು ಗಮನಿಸಿ’ ಎಂಬ ಮಾತಿದೆ. ಹಿನ್ನೀರಿನ ಬಾಲ ಕಾಣಬೇಕಾದರೆ ಹೆಚ್ಚಿನ ಪಾಲು ಪಶ್ಚಿಮಕ್ಕೇ ಸಲ್ಲಬೇಕು. ಹೀಗೆ ಮಂಡ್ಯ ಬಲ ಅಂಚಿನ ಸಮೀಪ, ಅಣೆಕಟ್ಟೆ ನಡುವಿಗಿಂತ ಎಡಕ್ಕೆ ಬಂದು ಕೂತವು. ಮೈಸೂರು ನಗರ ಚೌಕಟ್ಟಿನ ಒಳಗಿತ್ತೋ ಹೊರಗಿತ್ತೋ ಎನ್ನುವುದಕ್ಕೆ ಯಾವ ಆಧಾರವೂ ಸಿಗಲಿಲ್ಲ. ಹಾಗಾಗಿ ವಿವರಣೆಯಲ್ಲಿ ಮೈಸೂರಿನ ಹೆಸರೇ ಎತ್ತಲಿಲ್ಲ.

ಇನ್ನು ಕ್ಯಾಮೆರಾ. ಲಿಸ್-3 ನೆಲವನ್ನು 23.5 ಮೀಟರ್ ಚದರದ ಚುಕ್ಕಿಗಳಾಗಿ ನೋಡುತ್ತದೆ. ಇದನ್ನು ನಮ್ಮ ಲೆಕ್ಕಕ್ಕೆ ತಂದರೆ ಒಂದು ಚುಕ್ಕಿ ಸುಮಾರು ಐದೂವರೆ ಗುಂಟೆ; ಒಂದು ಎಕರೆಗೆ ಏಳು ಚುಕ್ಕಿ. ಮಂಡ್ಯದ ಕಡೆ ಗದ್ದೆಯ ಒಂದು ಪಾತಿ ಎಷ್ಟೋ ಸಲ ಐದು ಗುಂಟೆಯೂ ಇರುವುದಿಲ್ಲ. ಅಂದಮೇಲೆ ಬದುಗಳಾಗಲಿ, ಒಂಟಿ ಮರವಾಗಲಿ, ಪಂಪ್‌ಸೆಟ್ಟಿನ ಮನೆಯಾಗಲಿ ಆ ಚಿತ್ರದಲ್ಲಿ ಕಂಡಿರಲಾರವು. ಕಾಣುವುದು ನೂರಾರು ಗದ್ದೆಗಳು ಒಟ್ಟಾಗಿ ಕೊಡುವ ಬಣ್ಣ. ಹೊಲಗದ್ದೆಯನ್ನು ಮೇಲಿನಿಂದ ವರ್ಣಿಸುವವರೆಲ್ಲ ಕೌದಿಯ ಹೋಲಿಕೆಗೆ ಕೈಹಾಕುತ್ತಾರೆ. ವಿಮಾನದ ಕಿಟಕಿಯಿಂದ ನೋಡಿದವರಿಗೆ ಅದು ಸರಿ ಇರಬಹುದು, ಇಲ್ಲಿ ಅದು ಸುಳ್ಳಾಗುತ್ತದೆ. ಕೌದಿಯ ತುಂಡುಗಳು ಬಿಡಿಬಿಡಿಯಾಗಿ ಕಾಣಬೇಕು; ಈ ಚಿತ್ರದಲ್ಲಿ ಅವು ಬೆರೆತುಹೋಗಿರುತ್ತವೆ.

ಬಣ್ಣದ ವಿಷಯ ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು. ಹುಸಿಬಣ್ಣದ ಚಿತ್ರದಲ್ಲಿ ಹಸಿರು ಎಲೆ ಕೆಂಪಾಗಿ ಕಾಣುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಎಲೆಗಳು ಬಹಳವಾಗಿ ಹಿಂದಕ್ಕೆ ಹೊಳೆಯಿಸುತ್ತವೆ. ಕ್ಯಾಮೆರಾ ಆ ಬೆಳಕನ್ನು ಹಿಡಿದುಕೊಳ್ಳುತ್ತದೆ, ಮುದ್ರಿಸುವಾಗ ಅದಕ್ಕೆ ಕೆಂಪನ್ನು ಕೊಡುತ್ತಾರೆ. ಆಳವಾದ ತಿಳಿನೀರು ಆ ಬೆಳಕನ್ನು ನುಂಗಿಬಿಡುವುದರಿಂದ ಕಡುನೀಲಿ ಅಥವಾ ಕಪ್ಪು. ಹೂಳು ಬೆರೆತ ನೀರು, ತಳ ಹತ್ತಿರವಿರುವ ನೀರು ತಿಳಿನೀಲಿ. ಕೊಯ್ಲಾದ ಹೊಲ ಬೂದು, ಊರು ಪಟ್ಟಣಗಳು ನೀಲಿ ಬೆರೆತ ಬೂದು. ವರದಿಯವರು ಹಿನ್ನೀರಿನ ಬಾಲದ ಕಡೆ ಬಣ್ಣ ತಿಳಿಯಾಗಿದೆ ಎಂದದ್ದು ಈ ಕಾರಣಕ್ಕೆ. ಹೊಳೆ ಬಂದು ಸೇರುವ ಕಡೆ ನೀರಿನ ಆಳ ಕಡಿಮೆ, ಹೂಳು ಹೆಚ್ಚು.

ಮೊದಲ ಕರಡನ್ನು ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಸೋದರಮಾವನಿಗೆ ಫೋನಿನಲ್ಲಿ ಓದಿದೆ. ಚಿತ್ರ ನೋಡದ, ಆದರೆ ನೆಲವನ್ನು ಬಲ್ಲ ಮನುಷ್ಯನಿಗೆ ಈ ಮಾತುಗಳಿಂದ ಏನು ಕಾಣುತ್ತದೆ ಎಂದು ತಿಳಿಯಬೇಕಿತ್ತು. ಎರಡನೆಯ ವಾಕ್ಯಕ್ಕೇ ಮಾವ ತಡೆದರು.

‘ಅಲ್ಲ ಕಣಪ್ಪ, ನಾಲೆ ಕೆಳಗೆ ಎಲ್ಲಾ ಕೆಂಪು ಅಂತೀಯಲ್ಲ, ನಮ್ಮ ಗದ್ದೆ ಯಾವಾಗ ಕೆಂಪಗಿತ್ತು?’

ಬಣ್ಣದ ಮಾತನ್ನು ನಾನು ಕೊನೆಗೆ ಬರೆದಿದ್ದೆ. ಅದನ್ನು ವಿವರಿಸಿದ ಮೇಲೆ ಇನ್ನೊಂದು ತೊಡಕು ಬಂತು. ‘ನಾಲೆಯ ಕೆಳಗೆ’ ಎಂದು ನಾನು ಬರೆದದ್ದು ಚಿತ್ರದ ಕೆಳಭಾಗ, ಅಂದರೆ ದಕ್ಷಿಣ ಎಂಬ ಅರ್ಥದಲ್ಲಿ. ಮಾವನಿಗೆ ನಾಲೆಯ ಕೆಳಗೆ ಎಂದರೆ ನೀರು ಹರಿದು ಬರುವ ಇಳಿಜಾರಿನ ಕಡೆ, ಅದು ಯಾವ ದಿಕ್ಕಾದರೂ ಆಗಬಹುದು. ಅವರ ಅರ್ಥವೇ ಆ ನೆಲದ ಅರ್ಥ. ಅಂದಿನಿಂದ ಚಿತ್ರದೊಳಗಿನ ಜಾಗ ಹೇಳಲು ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದಷ್ಟೇ ಬಳಸಿದೆ. ‘ಮೇಲೆ’, ‘ಕೆಳಗೆ’ ಎಂಬ ಮಾತುಗಳನ್ನು ನೆಲದ ಏರಿಳಿತಕ್ಕೇ ಬಿಟ್ಟುಕೊಟ್ಟೆ.

ಈ ಚಿತ್ರದ ಬೆನ್ನೆಲುಬು ನಾಲೆಯೇ. ಆದರೆ ಅದು ಚಿತ್ರದಲ್ಲಿ ಕಾಣುವ ಬಗೆ ಬೇರೆ. ನಾಲೆಯ ನೀರು ಒಂದೆರಡು ಚುಕ್ಕಿಯಷ್ಟು ಅಗಲ. ಕವಲು ನಾಲೆಗಳಂತೂ ಅದಕ್ಕಿಂತ ಸಣ್ಣವು. ಕಣ್ಣಿಗೆ ಬೀಳುವುದು ನಾಲೆಯಲ್ಲ, ನಾಲೆ ಮಾಡಿದ ಗಡಿ. ಕಾಲುವೆಯನ್ನು ನೆಲದ ಸಮಮಟ್ಟ ಹಿಡಿದು, ಅಲ್ಪ ಇಳಿಜಾರು ಕೊಟ್ಟು, ಗುಡ್ಡದ ಮಗ್ಗುಲನ್ನು ಬಳಸಿಕೊಂಡು ತೋಡಿರುತ್ತಾರೆ. ನೀರು ತಾನಾಗಿ ಹರಿಯುವುದು ಇಳಿಜಾರಿನ ಕಡೆಗೆ ಮಾತ್ರ. ಆದ್ದರಿಂದ ಅದರ ಒಂದು ಮಗ್ಗುಲು ಕಬ್ಬು, ತೆಂಗು, ಭತ್ತ. ಇನ್ನೊಂದು ಮಗ್ಗುಲು ಮಳೆಯನ್ನೇ ನಂಬಿದ ರಾಗಿ, ಹುರುಳಿಯ ಹೊಲ. ಫೆಬ್ರವರಿ ಹೊತ್ತಿಗೆ ರಾಗಿ ಕಣ ಸೇರಿ ಎಷ್ಟೋ ದಿನವಾಗಿರುತ್ತದೆ, ಹೊಲ ಬೋಳಾಗಿರುತ್ತದೆ. ಚಿತ್ರದಲ್ಲಿ ಇದು ಕೆಂಪು ಮತ್ತು ಬೂದು ಸೇರುವ ಒಂದು ವಂಕಿವಂಕಿಯಾದ ಅಂಚು. ಅಂಚು ಎಲ್ಲೆಲ್ಲಿ ಒಳಕ್ಕೆ ಬಾಗಿದೆಯೋ ಅಲ್ಲೆಲ್ಲ ಒಂದು ಹಳ್ಳ ಇಳಿದು ಬರುತ್ತಿದೆ ಎಂದರ್ಥ. ಹುಲಿಕೆರೆಯ ಬಳಿ ನಾಲೆ ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗದಲ್ಲಿ ನೆಲದೊಳಗೆ ಹೋಗುತ್ತದೆ. ಅಷ್ಟು ದೂರ, ಅಂದರೆ ಚಿತ್ರದಲ್ಲಿ ಸುಮಾರು ಒಂದು ಸೆಂಟಿಮೀಟರ್, ನಾಲೆಯ ಗುರುತು ಇರುವುದಿಲ್ಲ. ಸುರಂಗ ದಾಟಿ ಹೊರಬಂದ ಮೇಲೆ ಅದು ಕವಲೊಡೆಯುತ್ತದೆ, ಕೆಂಪು ಬಣ್ಣ ಮಂಡ್ಯದ ಕಡೆಗೆ ಬೆರಳು ಬಿಡಿಸಿದಂತೆ ಹರಡುತ್ತದೆ. ಇದು ವರ್ಷವರ್ಷಕ್ಕೆ ಬದಲಾಗುವಂಥದ್ದಲ್ಲ. 1999ರಲ್ಲೂ ಹೀಗೇ ಇತ್ತು ಎಂದು ಚಿತ್ರ ನೋಡದೆಯೂ ಧೈರ್ಯವಾಗಿ ಬರೆಯಬಹುದು.

ಕೆರೆಗಳ ವಿಷಯವೂ ಹಾಗೆಯೇ. ನಮ್ಮ ಕಡೆಯ ಕೆರೆಗೆ ಒಂದು ಆಕಾರವಿದೆ. ಇಳಿಜಾರಿನ ಕಡೆ ಏರಿ, ಅದೊಂದೇ ನೇರ ಗೆರೆ. ಉಳಿದ ಕಡೆ ನೀರು ನೆಲ ಬಿಟ್ಟಲ್ಲಿಗೆ ನುಗ್ಗಿ, ಹಳ್ಳ ಬಂದು ಸೇರುವ ಕಡೆಗೆ ಮೊನೆಯಾಗಿ ಮುಗಿಯುತ್ತದೆ. ಮೇಲಿನಿಂದ ನೋಡಿದರೆ ಅದು ಒಂದು ಕಡೆ ಕತ್ತರಿಸಿದಂತಿರುವ ತ್ರಿಕೋನ. ಏರಿಯ ಹೊರಗೆ, ತೂಬಿನ ನೀರು ತಲುಪುವಷ್ಟು ದೂರ ಒಂದು ಕೆಂಪು ನಾಲಗೆ. ಈ ಆಕಾರ ಗೊತ್ತಿದ್ದರೆ ಚಿತ್ರದಲ್ಲಿ ಬಾಣದ ಗುರುತಿಲ್ಲದೆಯೂ ನೆಲ ಯಾವ ಕಡೆ ಇಳಿಯುತ್ತದೆಂದು ಹೇಳಬಹುದು: ನೇರ ಗೆರೆ ಇರುವ ಕಡೆಗೆ. ಪಾಂಡವಪುರದ ಉತ್ತರಕ್ಕಿರುವ ತೊಣ್ಣೂರು ಕೆರೆ ಗುಡ್ಡಗಳ ನಡುವೆ ಏರಿ ಕಟ್ಟಿದ್ದು, ಆಳವಾದದ್ದು. ಹಾಗಾಗಿ ಅದನ್ನು ಕಡುಬಣ್ಣದ ಮಚ್ಚೆ ಎಂದು ಬರೆದೆ. ಸಣ್ಣ ಕೆರೆಗಳ ವಿಷಯದಲ್ಲಿ ಅಷ್ಟು ಧೈರ್ಯ ಬರಲಿಲ್ಲ. ಫೆಬ್ರವರಿಯಲ್ಲಿ ಅವುಗಳಲ್ಲಿ ನೀರಿತ್ತೋ, ಬತ್ತಿ ಹುಲ್ಲು ಬೆಳೆದು ಕೆರೆಯಂಗಳವೇ ಕೆಂಪಾಗಿತ್ತೋ, ಅದು ಹಿಂದಿನ ಮಳೆಗಾಲಕ್ಕೆ ಬಿಟ್ಟದ್ದು. ಆಕಾರ ಹೇಳಬಹುದು, ಬಣ್ಣ ಹೇಳಲಾಗದು.

ನಾನು ನಿಜವಾಗಿ ಎಡವಿದ್ದು ರಸ್ತೆಯಲ್ಲಿ. ಕರಡು ಬರೆಯುವಾಗ ಪಕ್ಕದಲ್ಲಿ ಇಂದಿನ ನಕ್ಷೆಯನ್ನು ತೆರೆದಿಟ್ಟುಕೊಂಡಿದ್ದೆ. ‘ಬೆಂಗಳೂರು–ಮೈಸೂರು ಹೆದ್ದಾರಿ ಅಗಲವಾದ ಬಿಳಿ ಪಟ್ಟಿಯಾಗಿ ಮಂಡ್ಯ ಪಟ್ಟಣವನ್ನು ಬಳಸಿಕೊಂಡು ಸಾಗುತ್ತದೆ’ ಎಂದು ಬರೆದುಬಿಟ್ಟೆ. ಓದಲು ಚೆನ್ನಾಗಿತ್ತು. ಆದರೆ ಆ ಹತ್ತು ಪಥದ ಹೆದ್ದಾರಿ ಉದ್ಘಾಟನೆಯಾದದ್ದು 2023ರ ಮಾರ್ಚ್‌ನಲ್ಲಿ. 1999ರಲ್ಲಿ ಅದು ರಾಜ್ಯ ಹೆದ್ದಾರಿ 17. ಊರುಗಳ ನಡುವೆಯೇ ಹಾದುಹೋಗುತ್ತಿದ್ದ ಹಳೆಯ ರಸ್ತೆ. ಎರಡು ಗಾಡಿ ಎದುರುಬದುರು ಹೋಗುವ ಏಳು ಮೀಟರ್ ರಸ್ತೆ ಒಂದು ಚುಕ್ಕಿಯ ಮೂರನೇ ಒಂದು ಭಾಗವೂ ಇಲ್ಲ. ಅಂಥ ರಸ್ತೆ ಚಿತ್ರದಲ್ಲಿ ಕಾಣುವುದು ಅಕ್ಕಪಕ್ಕದ ನೆಲ ಅದಕ್ಕೆ ವಿರುದ್ಧ ಬಣ್ಣದ್ದಾಗಿದ್ದರೆ ಮಾತ್ರ. ಕೆಂಪು ಗದ್ದೆಬಯಲಿನ ನಡುವೆ ಅದು ಬೂದು ಎಳೆಯಾಗಿ ಕಾಣುತ್ತದೆ, ಬೋಳು ಹೊಲದ ನಡುವೆ ಕರಗಿಹೋಗುತ್ತದೆ. ಎರಡೂ ಬದಿ ಸಾಲುಮರ ಇರುವ ಕಡೆ ಡಾಂಬರು ಕಾಣದೆ ಮರದ ಸಾಲೇ ತೆಳುಗೆಂಪು ಗೆರೆಯಾಗುತ್ತದೆ. ಅಂದರೆ ಒಂದೇ ರಸ್ತೆ ಒಂದು ಕಡೆ ಬೂದು, ಒಂದು ಕಡೆ ಕೆಂಪು, ಇನ್ನೊಂದು ಕಡೆ ಇಲ್ಲವೇ ಇಲ್ಲ. ವಿವರಣೆಯಲ್ಲಿ ರಸ್ತೆಯನ್ನು ಒಂದೇ ಸಮನೆ ಎಳೆದುಕೊಂಡು ಹೋದವರನ್ನು ಕಂಡರೆ ನನಗೆ ಈಗ ಅನುಮಾನ ಬರುತ್ತದೆ. ಅವರು ನಕ್ಷೆ ನೋಡಿ ಬರೆದಿದ್ದಾರೆ, ಚಿತ್ರ ನೋಡಿ ಅಲ್ಲ.

ಇಷ್ಟೆಲ್ಲ ಕಷ್ಟಪಡುವ ಬದಲು ಆ ಚಿತ್ರವನ್ನೇ ಮತ್ತೆ ತರಿಸಬಾರದೇ ಎಂದು ಕೇಳಬಹುದು. ಉಪಗ್ರಹ, ಕ್ಯಾಮೆರಾ, ಜಾಗ, ದಿನಾಂಕ ನಾಲ್ಕೂ ಗೊತ್ತಿದ್ದರೆ ಅದೇ ಮೊದಲು ಮಾಡಬೇಕಾದ ಕೆಲಸ. ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಹೈದರಾಬಾದಿನಲ್ಲಿದೆ, ನಮ್ಮ ಉಪಗ್ರಹಗಳ ಚಿತ್ರಗಳ ಭಂಡಾರ ಅಲ್ಲಿಯದು. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳಂತೂ 2008ರಿಂದ ಎಲ್ಲರಿಗೂ ಉಚಿತ. ನನ್ನ ಕೈಯಲ್ಲಿದ್ದ ಬರಹದಲ್ಲಿ ತಿಂಗಳಿತ್ತು, ದಿನಾಂಕ ಇರಲಿಲ್ಲ. ಐಆರ್‌ಎಸ್-1ಸಿ ಒಂದೇ ದಾರಿಯಲ್ಲಿ ಮತ್ತೆ ಹಾದುಹೋಗುವುದು 24 ದಿನಕ್ಕೊಮ್ಮೆ. 28 ದಿನದ ಆ ಫೆಬ್ರವರಿಯಲ್ಲಿ ಅದು ಒಂದು ಸಲ, ಹೆಚ್ಚೆಂದರೆ ಎರಡು ಸಲ ಬಂದಿರಬಹುದು. ಎರಡು ಸಲ ಬಂದಿದ್ದರೆ ಯಾವುದನ್ನು ಅಂಟಿಸಿದ್ದರೆಂದು ಯಾರು ಹೇಳಬೇಕು? ಮುದ್ರಣಕ್ಕೆ ಕೊಡಬೇಕಾದ ದಿನ ಹತ್ತಿರ ಬಂದಿತ್ತು. ಲ್ಯಾಂಡ್‌ಸ್ಯಾಟ್-7 ಹಾರಿದ್ದೇ 1999ರ ಏಪ್ರಿಲ್‌ನಲ್ಲಿ, ಅಂದರೆ ನಮಗೆ ಬೇಕಾದ ತಿಂಗಳು ಕಳೆದ ಮೇಲೆ. ಅದರ ಮುಂದಿನ ವರ್ಷಗಳ ಬೇಸಿಗೆಯ ಚಿತ್ರವೊಂದನ್ನು ಎದುರಿಗಿಟ್ಟುಕೊಂಡೆ. ಅದರ ಚುಕ್ಕಿ 30 ಮೀಟರ್, ಲಿಸ್-3ಕ್ಕಿಂತ ತುಸು ಒರಟು. ನಾಲೆಯ ವಂಕಿ, ಕೆರೆ ಏರಿಯ ದಿಕ್ಕು, ಹೊಳೆಯ ತಿರುವು ಇಂಥವುಗಳನ್ನು ಸರಿನೋಡಲು ಅದು ಸಾಕಾಯಿತು.

ಅಪಾಯವಿರುವುದು ಇಲ್ಲಿಯೇ. ಇನ್ನೊಂದು ವರ್ಷದ ಚಿತ್ರ ಎದುರಿಗಿದ್ದಾಗ ಅದರ ನೀರು, ಅದರ ಬೆಳೆ ತಾವಾಗಿ ಲೇಖನಿಗೆ ಇಳಿದುಬಿಡುತ್ತವೆ. ನಾನು ಕೂಡ ‘ನಾಲೆಯ ಇಳಿಜಾರಿನಲ್ಲಿ ಅಲ್ಲಲ್ಲಿ ಕಡುನೀಲಿ ತೇಪೆಗಳು’ ಎಂದು ಬರೆದಿದ್ದೆ. ಅವು ಕೆರೆಗಳಲ್ಲ, ಬೇಸಿಗೆ ಭತ್ತಕ್ಕೆ ನಾಟಿ ಹಾಕಿದ ಗದ್ದೆಗಳು. ನೀರು ನಿಂತಿರುತ್ತದೆ, ಪೈರು ಇನ್ನೂ ಎಳೆಯದು, ಹಾಗಾಗಿ ಕ್ಯಾಮೆರಾಕ್ಕೆ ನೀರೇ ಹೆಚ್ಚು ಕಾಣುತ್ತದೆ. ಕೆರೆಯಂತೆ ಒಂದು ಕಡೆ ನೇರ ಗೆರೆ ಇಲ್ಲದಿರುವುದು, ಹಳ್ಳದ ತಗ್ಗು ಹಿಡಿದು ಉದ್ದಕ್ಕೆ ಮಲಗಿರುವುದು ಅದರ ಗುರುತು. ಒಂದೆರಡು ತಿಂಗಳು ಕಳೆದ ಚಿತ್ರದಲ್ಲಿ ಅದೇ ಜಾಗ ಕೆಂಪಾಗಿರುತ್ತದೆ. ಇಷ್ಟನ್ನು ಸರಿಯಾಗಿ ಗುರುತಿಸಿದೆನೆಂಬ ಸಮಾಧಾನದಲ್ಲಿ ಮಾವನಿಗೆ ಮತ್ತೆ ಓದಿದೆ.

‘ಆ ವರ್ಷ ಬೇಸಿಗೆ ಬೆಳೆಗೆ ನೀರು ಬುಟ್ಟಿದ್ರು ಅಂತ ನಿಂಗ್ಯಾರು ಹೇಳಿದ್ದು?’ ಎಂದರು ಮಾವ. ‘ಕಟ್ಟೆ ತುಂಬಿದ ವರ್ಷ ಒಂದು ಥರ, ತುಂಬದ ವರ್ಷ ಒಂದು ಥರ. ಕಟ್ಟು ನೀರು ಅಂತ ಬುಟ್ಟು ಬುಟ್ಟು ಕೊಡ್ತಾರೆ. ಕಬ್ಬು, ತೆಂಗು ಇದ್ದೇ ಇರ್ತವೆ, ಅದನ್ನ ಬೇಕಾದ್ರೆ ಬರ್ಕೊ.’

ಕಟ್ಟು ಎಂದರೆ ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಎಂಬ ಸರದಿ. ಮಾವನ ಮಾತು ನನ್ನ ವಿವರಣೆಯನ್ನು ಎರಡು ಪಾಲು ಮಾಡಿತು. ಕಬ್ಬು ವರ್ಷವಿಡೀ ಗದ್ದೆಯಲ್ಲಿರುವ ಬೆಳೆ, ತೆಂಗಿನ ತೋಟ ದಶಕಗಟ್ಟಲೆ ಇರುವಂಥದ್ದು. ಆ ಕೆಂಪು ಖಚಿತ. ಬೇಸಿಗೆ ಭತ್ತದ ಕಡುನೀಲಿ ಖಚಿತವಲ್ಲ. ಆ ವಾಕ್ಯವನ್ನು ಹೊಡೆದುಹಾಕಿದೆ.

ಕೊನೆಗೆ ಉಳಿದದ್ದು ಜಲಾಶಯ. ಕನ್ನಂಬಾಡಿ ಕಟ್ಟೆಯ ಉದ್ದ 8,600 ಅಡಿ, ಅಂದರೆ 2.6 ಕಿ.ಮೀ. ಚಿತ್ರದಲ್ಲಿ ಅದು ಒಂದು ಸೆಂಟಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಅಷ್ಟು ದೊಡ್ಡ ಕಟ್ಟೆ ಕಾಗದದ ಮೇಲೆ ಉಗುರಿನಗಲದ ಗೆರೆ. ಅದರ ಹಿಂದೆ, ಪೂರ್ತಿ ತುಂಬಿ 124.80 ಅಡಿಗೆ ಬಂದಾಗ, ಸುಮಾರು 130 ಚದರ ಕಿ.ಮೀ. ನೀರು ಹರಡುತ್ತದೆ. ಚಿತ್ರದಲ್ಲಿ ಅದು ಇಪ್ಪತ್ತು ಚದರ ಸೆಂಟಿಮೀಟರ್, ಅಂದರೆ ಇಡೀ ಚೌಕಟ್ಟಿನ ಇಪ್ಪತ್ತನೇ ಒಂದು ಭಾಗ. ಆದರೆ ಫೆಬ್ರವರಿಯಲ್ಲಿ ನೀರು ಇಳಿಯುತ್ತಿರುತ್ತದೆ. ದಂಡೆ ತಗ್ಗಾಗಿರುವ ಪಶ್ಚಿಮದ ಕಡೆ ಮಟ್ಟ ಕೆಲವೇ ಅಡಿ ಇಳಿದರೂ ನೀರಿನಂಚು ಬಹುದೂರ ಹಿಂದೆ ಸರಿಯುತ್ತದೆ. ಕಟ್ಟೆಯ ಬಳಿ ಅಷ್ಟೇ ಇಳಿತಕ್ಕೆ ಅಂಚು ಅಲುಗಿದಂತೆಯೂ ಕಾಣುವುದಿಲ್ಲ. ಕಟ್ಟೆಯ ನೀರಿನ ಮಟ್ಟವನ್ನು ಪತ್ರಿಕೆಗಳು ದಿನವೂ ಅಚ್ಚು ಹಾಕುತ್ತವೆ. ಚಿತ್ರದ ದಿನಾಂಕ ಸಿಕ್ಕಿದ್ದರೆ ಗ್ರಂಥಾಲಯದಲ್ಲಿ ಆ ದಿನದ ಪತ್ರಿಕೆ ತೆಗೆಸಿ ನೋಡಿ, ನೀರು ಎಲ್ಲಿಯವರೆಗೆ ಇತ್ತೆಂದು ಹತ್ತಿರ ಹತ್ತಿರ ಹೇಳಬಹುದಿತ್ತು. ದಿನಾಂಕವಿಲ್ಲದೆ ಆ ಬಾಗಿಲು ಮುಚ್ಚಿಹೋಯಿತು.

ಚೌಕಟ್ಟಿನೊಳಗೆ ಕೊನೆಗೆ ಅಚ್ಚಾದದ್ದು ಹೀಗೆ:

‘ಮೂಲ ಚಿತ್ರ ಕಳೆದುಹೋಗಿದೆ. ಈ ವಿವರಣೆ ಚಿತ್ರವನ್ನು ನೋಡಿ ಬರೆದದ್ದಲ್ಲ. ಚಿತ್ರದ ಅಡಿಬರಹ, ವರದಿಯ ಮಾತುಗಳು ಮತ್ತು ನಂತರದ ವರ್ಷವೊಂದರ ಉಪಗ್ರಹ ಚಿತ್ರದ ಆಧಾರದಿಂದ ಬರೆದದ್ದು. ಈ ಬಗೆಯ ಚಿತ್ರದಲ್ಲಿ ಹಸಿರು ಬೆಳೆ ಕೆಂಪಾಗಿ, ಆಳದ ನೀರು ಕಡುನೀಲಿಯಾಗಿ, ಬೋಳು ನೆಲ ಬೂದಾಗಿ ಕಾಣುತ್ತದೆ. ಉದ್ದಗಲ 60 ಮತ್ತು 45 ಕಿ.ಮೀ. ಪಶ್ಚಿಮದಲ್ಲಿ ಕೃಷ್ಣರಾಜಸಾಗರ: ಪೂರ್ವದಂಚಿನಲ್ಲಿ ಗೆರೆಯಂತಿರುವ ಕಟ್ಟೆ, ಅದರ ಹಿಂದೆ ಕಡುನೀಲಿ ನೀರು, ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಬರುವ ಕಡೆಗೆ ಚಾಚಿದ ತಿಳಿಬಣ್ಣದ ತೋಳುಗಳು. ಕಟ್ಟೆಯಿಂದ ಹೊರಟ ಹೊಳೆ ಶ್ರೀರಂಗಪಟ್ಟಣದಲ್ಲಿ ಎರಡಾಗಿ ಒಡೆದು, ಸುಮಾರು ಐದು ಕಿ.ಮೀ. ಉದ್ದದ ನಡುಗಡ್ಡೆಯನ್ನು ಬಳಸಿ ಮತ್ತೆ ಕೂಡುತ್ತದೆ. ಕಟ್ಟೆಯ ಎಡದಂಡೆಯಿಂದ ಹೊರಟ ನಾಲೆಯನ್ನು ಅದರ ಇಳಿಜಾರಿನ ಕಡೆಯ ಕೆಂಪು ಮತ್ತು ಏರಿನ ಕಡೆಯ ಬೂದು ಸೇರುವ ವಂಕಿಯಂಚಿನಿಂದ ಗುರುತಿಸಬಹುದು. ಪಾಂಡವಪುರದ ಉತ್ತರಕ್ಕೆ ತೊಣ್ಣೂರು ಕೆರೆಯ ಕಡುಬಣ್ಣದ ಮಚ್ಚೆ. ಹುಲಿಕೆರೆ ಸುರಂಗದ ಆಚೆ ಕೆಂಪು ಬಣ್ಣ ಕವಲಾಗಿ ಪೂರ್ವದಂಚಿನ ಮಂಡ್ಯದವರೆಗೆ ಹರಡುತ್ತದೆ. ಮಂಡ್ಯದಿಂದ ಶ್ರೀರಂಗಪಟ್ಟಣಕ್ಕೆ ಬರುವ ರಸ್ತೆ ಗದ್ದೆಬಯಲಿನಲ್ಲಿ ಮಾತ್ರ ತೆಳು ಎಳೆಯಾಗಿ ಕಂಡಿರಬಹುದು. ಆ ದಿನ ಜಲಾಶಯದ ನೀರು ಎಲ್ಲಿಯವರೆಗೆ ನಿಂತಿತ್ತು, ಸಣ್ಣ ಕೆರೆಗಳಲ್ಲಿ ನೀರಿತ್ತೇ, ಬೇಸಿಗೆ ಭತ್ತ ಎಷ್ಟು ನಾಟಿಯಾಗಿತ್ತು ಎಂಬುದನ್ನು ಇಲ್ಲಿ ಹೇಳಿಲ್ಲ.’

ಅಚ್ಚಾದ ಪುಸ್ತಕವನ್ನು ಹಳ್ಳಿಗೆ ಕೊಂಡೊಯ್ದಾಗ ಮಾವ ಕನ್ನಡಕ ಏರಿಸಿಕೊಂಡು ಆ ಚೌಕಟ್ಟನ್ನು ನಿಧಾನವಾಗಿ ಓದಿದರು. ಆಮೇಲೆ ತೊಣ್ಣೂರು ಕೆರೆಯ ಸಾಲಿನ ಮೇಲೆ ಬೆರಳಿಟ್ಟು, ಅಲ್ಲಿಂದ ಒಂದಿಷ್ಟು ಕೆಳಕ್ಕೆ ಸರಿಸಿ, ‘ನಮ್ಮ ಗದ್ದೆ ಇಲ್ಲಿ ಬರ್ತದೆ’ ಎಂದರು.